ಸೈನ್ ಕಂಡಲ್ಲೆಲ್ಲ ಕ್ರಾಸ್ ಅಲ್ಲ

ಗೋಡೆಗೆ ಕೀಲಿನಿಂದ ಸಿಕ್ಕಿಸಿದ ಒಂದು ಸರಳು. ಅದರ ಉದ್ದ 2 ಮೀಟರ್, ತೂಕ 50 ನ್ಯೂಟನ್, ತುದಿಯಿಂದ ತುದಿಗೆ ಒಂದೇ ದಪ್ಪ. ಅದು ಅಡ್ಡಗೆರೆಯಿಂದ 30 ಡಿಗ್ರಿ ಮೇಲಕ್ಕೆ ಚಾಚಿಕೊಂಡು ನಿಂತಿರುವ ಗಳಿಗೆಯಲ್ಲಿ, ಕೀಲಿನ ಸುತ್ತ ಅದರ ತೂಕ ಉಂಟುಮಾಡುವ ಟಾರ್ಕ್ ಎಷ್ಟು? ಕೆಲವು ವರ್ಷಗಳ ಹಿಂದೆ ನಾನು ಹೋಮ್‌ವರ್ಕಿಗೆ ಕೊಟ್ಟಿದ್ದ ಲೆಕ್ಕ ಇದು. ಪುಸ್ತಕಗಳನ್ನು ತಿದ್ದಲು ಕುಳಿತಾಗ ಹೆಚ್ಚಿನವರ ಉತ್ತರ 25 ನ್ಯೂಟನ್ ಮೀಟರ್ ಎಂದಿತ್ತು. ಒಬ್ಬ ಹುಡುಗಿ ಮಾತ್ರ 1 × 50 × cos 30° ಎಂದು ಬರೆದು 43.3 ಎಂಬ ಉತ್ತರಕ್ಕೆ ಬಂದಿದ್ದಳು. ಟಾರ್ಕ್ ಎಂದರೆ ಕ್ರಾಸ್ ಪ್ರಾಡಕ್ಟ್, ಕ್ರಾಸ್ ಪ್ರಾಡಕ್ಟ್ ಎಂದರೆ ಸೈನ್ ಎಂಬ ಸರಪಳಿ ನನ್ನ ತಲೆಯಲ್ಲಿ ಎಷ್ಟು ಗಟ್ಟಿಯಾಗಿತ್ತೆಂದರೆ, ಅವಳ ಕೊಸೈನ್ ಕಂಡ ಕೂಡಲೇ ನಾನು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು, ಪಕ್ಕದಲ್ಲಿ ‘ಡಾಟ್ ಮತ್ತು ಕ್ರಾಸ್ ಅದಲು ಬದಲಾಗಿದೆ’ ಎಂದು ಬರೆದೆ. 25 ಬರೆದವರೆಲ್ಲರಿಗೂ ಸರಿ ಗುರುತು ಹಾಕಿದೆ.

ಮರುದಿನ ಅವಳು ಪುಸ್ತಕ ಹಿಡಿದುಕೊಂಡು ಬಂದಳು. ತಕರಾರಿನ ಧ್ವನಿಯಲ್ಲಿ ಅಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬ ಧ್ವನಿಯಲ್ಲಿ ಕೇಳಿದಳು: “ಸರ್, ಸರಳು ನೆಟ್ಟಗೆ ಮೇಲಕ್ಕೆ ನಿಂತಿದ್ದರೆ ತೂಕ ಕೀಲಿನ ಮೇಲೇ ಹಾದುಹೋಗುತ್ತದೆ. ಆಗ ಟಾರ್ಕ್ ಸೊನ್ನೆ ಆಗಬೇಕಲ್ಲವೇ? ಸೈನ್ ಹಾಕಿದರೆ 90 ಡಿಗ್ರಿಯಲ್ಲಿ 50 ಬರುತ್ತದೆ.”

ಅವಳು ಹೇಳಿದ್ದು ಪೂರ್ತಿ ಸರಿಯಾಗಿತ್ತು. ಅಷ್ಟೂ ಪುಸ್ತಕಗಳನ್ನು ಮತ್ತೆ ತರಿಸಿಕೊಂಡು ಗುರುತುಗಳನ್ನು ತಿದ್ದಿದೆ. ಆದರೆ ಆ ದಿನ ಸಂಜೆ ಕುಳಿತು ಲೆಕ್ಕವನ್ನು ಘಟಕಗಳಲ್ಲಿ ಬಿಡಿಸಿ ನೋಡಿದಾಗ ಕಂಡದ್ದು, ನನ್ನ ತಪ್ಪಿಗಿಂತ ಹೆಚ್ಚು ಕಾಲ ನನ್ನೊಳಗೆ ಉಳಿಯಿತು.

ಕೀಲನ್ನು ಮೂಲಬಿಂದುವೆಂದು ಇಟ್ಟುಕೊಳ್ಳೋಣ. ಗೋಡೆಯಿಂದ ಹೊರಕ್ಕೆ x, ಮೇಲಕ್ಕೆ y. ತೂಕ ಸರಳಿನ ನಡುವಿನಲ್ಲಿ, ಅಂದರೆ ಕೀಲಿನಿಂದ 1 ಮೀಟರ್ ದೂರದಲ್ಲಿ ಕೆಳಮುಖವಾಗಿ ಕೆಲಸ ಮಾಡುತ್ತದೆ. ಕೀಲಿನಿಂದ ಆ ಬಿಂದುವಿಗೆ ಎಳೆದ ಸದಿಶ r = 0.866 i + 0.5 j, ಬಲ F = −50 j. ಈಗ ಕೋನದ ಸುದ್ದಿಯನ್ನೇ ಎತ್ತದೆ ಎರಡೂ ಗುಣಲಬ್ಧಗಳನ್ನು ತೆಗೆಯಬಹುದು.

r · F = (0.866)(0) + (0.5)(−50) = −25

r × F = [(0.866)(−50) − (0.5)(0)] k = −43.3 k

ಟಾರ್ಕಿನ ಪರಿಮಾಣ 43.3 ಎಂಬುದು ಇಲ್ಲಿ ತೀರ್ಮಾನವಾಯಿತು. ಋಣ ಚಿಹ್ನೆ ಹೇಳುವುದು ಸರಳು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ, ಅಂದರೆ ಕೆಳಕ್ಕೆ ಬೀಳುವಂತೆ ತಿರುಗುತ್ತದೆ ಎಂಬುದನ್ನು. ಆದರೆ ಮೊದಲ ಸಾಲಿನ 25 ಎಲ್ಲಿಂದ ಬಂತೆಂದು ಗಮನಿಸಿ. ‘ಕ್ರಾಸ್ ಎಂದರೆ ಸೈನ್’ ಎಂಬ ನಿಯಮವನ್ನು ನಿಷ್ಠೆಯಿಂದ ಪಾಲಿಸಿ sin 30° ಬರೆದವರು, ತಮಗೆ ಅರಿವಿಲ್ಲದೆ ಡಾಟ್ ಗುಣಲಬ್ಧದ ಪರಿಮಾಣವನ್ನು ಲೆಕ್ಕ ಹಾಕಿದ್ದರು. ಕೊಸೈನ್ ಬರೆದವಳು ಕ್ರಾಸ್ ಗುಣಲಬ್ಧವನ್ನು ಲೆಕ್ಕ ಹಾಕಿದ್ದಳು. ಸೂತ್ರದ ಹೆಸರು ನೋಡಿ ತಿದ್ದಿದ ನಾನು, ಅದಲು ಬದಲು ಮಾಡಿದವರನ್ನು ಒಪ್ಪಿ, ಮಾಡದವಳ ಮೇಲೆ ಅದೇ ಆರೋಪ ಹೊರಿಸಿದ್ದೆ.

ಎಡವಟ್ಟು ಆದದ್ದು ಕೋನದಲ್ಲಿ. rF sin θ ಎಂಬಲ್ಲಿನ θ, ಲೆಕ್ಕದಲ್ಲಿ ಕೊಟ್ಟಿರುವ ಯಾವುದೋ ಕೋನವಲ್ಲ. ಎರಡು ಸದಿಶಗಳ ಬಾಲಗಳನ್ನು ಒಂದೇ ಬಿಂದುವಿಗೆ ತಂದಿಟ್ಟಾಗ ಅವುಗಳ ನಡುವೆ ಏರ್ಪಡುವ ಕೋನ. ಸರಳು ಹೊರಕ್ಕೂ ಮೇಲಕ್ಕೂ ಚಾಚಿದೆ, ತೂಕ ನೇರ ಕೆಳಕ್ಕೆ ಎಳೆಯುತ್ತದೆ; ಬಾಲ ಸೇರಿಸಿದರೆ ನಡುವಿನ ಕೋನ 120 ಡಿಗ್ರಿ. sin 120° ಎಂದರೆ 0.866, ಅದೇ cos 30°. ಲೆಕ್ಕದಲ್ಲಿ ಕೊಟ್ಟ ಕೋನ ಅಡ್ಡಗೆರೆಯಿಂದ ಅಳೆದದ್ದು, ಬಲ ಆ ಗೆರೆಗೆ ಲಂಬವಾಗಿದೆ, ಆದ್ದರಿಂದ ಸೈನ್ ಇದ್ದ ಜಾಗಕ್ಕೆ ಕೊಸೈನ್ ಬಂದು ಕುಳಿತಿದೆ. ಗೋಡೆಗೆ ಒರಗಿಸಿದ ಏಣಿಯ ಲೆಕ್ಕಗಳಲ್ಲಿಯೂ ಇದೇ ಆಗುತ್ತದೆ. ನೆಲದೊಂದಿಗೆ ಏಣಿ ಮಾಡುವ ಕೋನವನ್ನು ಕೊಟ್ಟರೆ, ಏಣಿಯ ಬುಡದ ಸುತ್ತ ಅದರ ತೂಕದ ಟಾರ್ಕಿನಲ್ಲಿ ಕೊಸೈನ್ ಇರಲೇಬೇಕು.

ಇದರ ಕನ್ನಡಿ ಬಿಂಬ ಕಾಂತೀಯ ಫ್ಲಕ್ಸಿನ ಲೆಕ್ಕಗಳಲ್ಲಿ ಸಿಗುತ್ತದೆ. ಫ್ಲಕ್ಸ್ ಎಂಬುದು B ಮತ್ತು A ಎರಡರ ಡಾಟ್ ಗುಣಲಬ್ಧ, ಆದರೆ A ಎಂಬ ಸದಿಶ ಇರುವುದು ಸುರುಳಿಯ ಮೇಲ್ಮೈಗೆ ಲಂಬವಾಗಿ. 0.4 ಟೆಸ್ಲಾ ಕ್ಷೇತ್ರದಲ್ಲಿ 0.05 ಚದರ ಮೀಟರ್ ವಿಸ್ತೀರ್ಣದ ಸುರುಳಿಯ ಸಮತಲ ಕ್ಷೇತ್ರದೊಂದಿಗೆ 30 ಡಿಗ್ರಿ ಮಾಡುತ್ತಿದ್ದರೆ, B ಮತ್ತು A ನಡುವಿನ ಕೋನ 60 ಡಿಗ್ರಿ ಆಗುತ್ತದೆ. ಫ್ಲಕ್ಸ್ 0.02 × cos 60°, ಅಂದರೆ 0.01 ವೆಬರ್. ವಿದ್ಯಾರ್ಥಿ ನೇರವಾಗಿ 0.02 × sin 30° ಎಂದು ಬರೆದಿದ್ದರೆ ಅದನ್ನು ಕ್ರಾಸ್ ಗುಣಲಬ್ಧವೆಂದು ಹೊಡೆದುಹಾಕುವಂತಿಲ್ಲ. ಸಂಶಯ ಬಂದರೆ ಆ ಹುಡುಗಿ ಮಾಡಿದಂತೆ ಕೋನವನ್ನು ತುದಿಗೆ ತಳ್ಳಿ ನೋಡಬೇಕು. ಸುರುಳಿಯ ಸಮತಲವನ್ನು ಕ್ಷೇತ್ರಕ್ಕೆ ಸಮಾಂತರವಾಗಿ ಮಲಗಿಸಿದರೆ ಅದರ ಮೂಲಕ ಏನೂ ಹಾಯುವುದಿಲ್ಲ, ಆದ್ದರಿಂದ 0 ಡಿಗ್ರಿಯಲ್ಲಿ ಉತ್ತರ ಸೊನ್ನೆಯಾಗಬೇಕು. ಸೈನ್ ಅದನ್ನು ಕೊಡುತ್ತದೆ, ಕೊಸೈನ್ ಕೊಡುವುದಿಲ್ಲ.

ಇನ್ನು ಮಾತ್ರಕಗಳ ಮಾತು. ಉತ್ತರ ಸರಿಯಿದೆಯೇ ಎಂದು ನೋಡಲು ಮಾತ್ರಕಗಳನ್ನು ಪರೀಕ್ಷಿಸಿ ಎಂದು ನಾವು ಎಲ್ಲ ಕಡೆಯೂ ಹೇಳುತ್ತೇವೆ. ಇಲ್ಲಿ ಮಾತ್ರ ಆ ಮಾತು ಕೈಕೊಡುತ್ತದೆ. ಡಾಟ್ ಗುಣಲಬ್ಧವಾದ ಕೆಲಸವೂ ಕ್ರಾಸ್ ಗುಣಲಬ್ಧವಾದ ಟಾರ್ಕೂ ಎರಡೂ ಬಲ ಮತ್ತು ಉದ್ದಗಳ ಗುಣಾಕಾರದಿಂದಲೇ ಬರುವುದರಿಂದ ಎರಡರ ಆಯಾಮವೂ ಒಂದೇ. ಟಾರ್ಕನ್ನು ನ್ಯೂಟನ್ ಮೀಟರಿನಲ್ಲಿಯೂ ಕೆಲಸವನ್ನು ಜೂಲ್‌ನಲ್ಲಿಯೂ ಬರೆಯುವುದು, ನೋಡಿದ ಕೂಡಲೇ ಬೇರೆ ಬೇರೆ ಎಂದು ತಿಳಿಯಲಿ ಎಂದು ಇಟ್ಟುಕೊಂಡ ರೂಢಿ. ವಿದ್ಯಾರ್ಥಿ ಟಾರ್ಕಿಗೆ ಜೂಲ್ ಎಂದು ಬರೆದಿದ್ದರೆ ಅವನ ಮನಸ್ಸಿನಲ್ಲಿ ಎರಡೂ ಬೆರೆತಿವೆ ಎಂಬ ಸುಳಿವು ನಮಗೆ ಸಿಗುತ್ತದೆ. ನ್ಯೂಟನ್ ಮೀಟರ್ ಎಂದೇ ಬರೆದಿದ್ದರೆ ಅದರಿಂದ ಏನೂ ಸಾಬೀತಾಗುವುದಿಲ್ಲ.

45 ಡಿಗ್ರಿಯಂತೂ ನನಗೆ ಈಗ ಆಗದ ಕೋನ. ಸರಳಿನ ಲೆಕ್ಕದಲ್ಲಿ 30ರ ಬದಲು 45 ಕೊಟ್ಟಿದ್ದರೆ ಸೈನ್ ಹಾಕಿದವರಿಗೂ ಕೊಸೈನ್ ಹಾಕಿದವರಿಗೂ 35.4 ಬರುತ್ತಿತ್ತು, ಎಲ್ಲರಿಗೂ ಪೂರ್ಣ ಅಂಕ ಸಿಗುತ್ತಿತ್ತು, ಯಾರ ಗೊಂದಲವೂ ಬೆಳಕಿಗೆ ಬರುತ್ತಿರಲಿಲ್ಲ.

ಭೌತಶಾಸ್ತ್ರದ ಪುಸ್ತಕದಲ್ಲಿ ಗೊಂದಲ ಕೋನದ ಮರೆಯಲ್ಲಿ ಅಡಗುತ್ತದೆ. ಗಣಿತದ ಪುಸ್ತಕದಲ್ಲಿ ಅದು ಘಟಕಗಳ ನಡುವೆ ಕುಳಿತಿರುತ್ತದೆ. ಅಲ್ಲಿ ನಾನು ಪದೇ ಪದೇ ಬಳಸುವ ಒಂದು ಜೋಡಿಯನ್ನು ಇಲ್ಲಿ ಪೂರ್ತಿ ಬಿಡಿಸಿ ತೋರಿಸುತ್ತೇನೆ: r = 2i − j + 2k ಮತ್ತು F = 6i + 2j − 3k. ಇವುಗಳ ಪರಿಮಾಣಗಳು 3 ಮತ್ತು 7, ವರ್ಗಮೂಲದ ಕಿರಿಕಿರಿ ಇಲ್ಲದ ಸಂಖ್ಯೆಗಳು.

r × F ಕಂಡುಹಿಡಿಯಿರಿ ಎಂದರೆ ಬರುವ ತಪ್ಪು ಉತ್ತರಗಳಲ್ಲಿ ಮೊದಲನೆಯದು 12i − 2j − 6k. ಇದು ಡಾಟೂ ಅಲ್ಲ, ಕ್ರಾಸೂ ಅಲ್ಲ. i ಜೊತೆ i, j ಜೊತೆ j, k ಜೊತೆ k ಎಂದು ಗುಣಿಸುವ ವಿಧಾನವನ್ನು ಡಾಟ್ ಗುಣಲಬ್ಧದಿಂದ ತಂದು, ‘ಉತ್ತರ ಸದಿಶವಾಗಿರಬೇಕು’ ಎಂಬ ನೆನಪನ್ನು ಕ್ರಾಸ್ ಗುಣಲಬ್ಧದಿಂದ ತಂದು, ಎರಡನ್ನೂ ಹೊಲಿದು ಮಾಡಿದ ಉತ್ತರ. ಹೀಗೆ ಬರೆದ ವಿದ್ಯಾರ್ಥಿಗೆ ಎರಡೂ ಅರ್ಧರ್ಧ ಗೊತ್ತಿದೆ ಎಂಬುದನ್ನು ಈ ಉತ್ತರ ಹೇಳುತ್ತದೆ. ಅದಕ್ಕಾಗಿಯೇ ನಾನು ಇದನ್ನು ಬರಿಯ ಸೊನ್ನೆ ಹಾಕಿ ದಾಟಿಹೋಗುವುದಿಲ್ಲ. ಮೂರು ಸಂಖ್ಯೆಗಳನ್ನು ಕೂಡಿದರೆ 4 ಬರುತ್ತದೆ, ಅದು r · F. ಅವನು ಮಾಡಿದ ಗುಣಾಕಾರ ಸರಿಯಾಗಿಯೇ ಇದೆ, ಆದರೆ ಅದು ಬೇರೆ ಪ್ರಶ್ನೆಗೆ ಸೇರಿದ್ದು.

ಕಂಪ್ಯೂಟರಿನಲ್ಲಿ ತಾಳೆ ನೋಡುವವರೂ ಇದೇ ಗುಂಡಿಗೆ ಬೀಳುತ್ತಾರೆ. ಪೈಥಾನ್ ಭಾಷೆಯ ಗಣಿತ ಲೈಬ್ರರಿಯಾದ ನಂಪೈನಲ್ಲಿ ಬರಿಯ ನಕ್ಷತ್ರ ಚಿಹ್ನೆ ಹಾಕಿದರೆ ಸಿಗುವುದು ಈ ಹೊಲಿದ ಉತ್ತರವೇ.

```python
import numpy as np
r = np.array([2, -1, 2])
F = np.array([6, 2, -3])
print(r * F)           # [12 -2 -6]
print(np.dot(r, F))    # 4
print(np.cross(r, F))  # [-1 18 10]
```

ಎರಡನೆಯ ತಪ್ಪು ಉತ್ತರ −i − 18j + 10k. ಇದನ್ನು ಬರೆದವನು ನಿರ್ಧಾರಕವನ್ನು ಬಿಡಿಸುವಾಗ ನಡುವಿನ ಪದದ ಮುಂದೆ ಬರಬೇಕಾದ ಋಣ ಚಿಹ್ನೆಯನ್ನು ಮರೆತಿದ್ದಾನೆ. ಇಲ್ಲಿ ಗುಣಲಬ್ಧಗಳ ಗೊಂದಲವಿಲ್ಲ, ಕೈತಪ್ಪು ಮಾತ್ರ. ಇವೆರಡನ್ನೂ ಒಂದೇ ಕೆಂಪು ಗೆರೆಯಿಂದ ಹೊಡೆದರೆ ಇಬ್ಬರಿಗೂ ಅನ್ಯಾಯವಾಗುತ್ತದೆ.

ಸರಿಯಾದ ಉತ್ತರವನ್ನು ಪಕ್ಕದಲ್ಲಿಟ್ಟುಕೊಳ್ಳದೆಯೇ ಇವುಗಳನ್ನು ಹಿಡಿಯುವ ಬಗೆ ಹೀಗಿದೆ. ಕ್ರಾಸ್ ಗುಣಲಬ್ಧವು ಮೂಲದ ಎರಡೂ ಸದಿಶಗಳಿಗೆ ಲಂಬವಾಗಿರಬೇಕು. ಲಂಬವಾಗಿದೆಯೇ ಎಂದು ಹೇಳಬಲ್ಲದ್ದು ಡಾಟ್ ಗುಣಲಬ್ಧ. ಗೊಂದಲಕ್ಕೆ ಸಿಲುಕಿದ ಎರಡರಲ್ಲಿ ಒಂದೇ ಇನ್ನೊಂದರ ಪರೀಕ್ಷಕನಾಗುತ್ತದೆ ಎಂಬುದು ನನಗೆ ಇಂದಿಗೂ ಖುಷಿ ಕೊಡುವ ಸಂಗತಿ. ಹೊಲಿದ ಉತ್ತರವನ್ನು r ಜೊತೆ ಡಾಟ್ ಮಾಡಿ ನೋಡಿ: (12)(2) + (−2)(−1) + (−6)(2) = 24 + 2 − 12 = 14. ಸೊನ್ನೆ ಬರಲಿಲ್ಲ, ಆದ್ದರಿಂದ ಅದು ಕ್ರಾಸ್ ಗುಣಲಬ್ಧವಾಗಿರಲು ಸಾಧ್ಯವೇ ಇಲ್ಲ. ಚಿಹ್ನೆ ತಪ್ಪಿದ ಉತ್ತರಕ್ಕೆ −2 + 18 + 20 = 36, ಅದೂ ಬಿತ್ತು. ಸರಿಯಾದ ಉತ್ತರವಾದ −i + 18j + 10k ಅನ್ನು r ಜೊತೆ ಡಾಟ್ ಮಾಡಿದರೆ −2 − 18 + 20 = 0; F ಜೊತೆ ಮಾಡಿದರೆ −6 + 36 − 30 = 0. ಎರಡೂ ಸದಿಶಗಳೊಂದಿಗೆ ನೋಡುವುದು ಮುಖ್ಯ, ಏಕೆಂದರೆ ತಪ್ಪು ಉತ್ತರವೊಂದು ಒಂದಕ್ಕೆ ಮಾತ್ರ ಆಕಸ್ಮಿಕವಾಗಿ ಲಂಬವಾಗಿರಬಹುದು.

ದಿಕ್ಕು ಸರಿಯಿದ್ದರೂ ಪರಿಮಾಣ ತಪ್ಪಿರಬಹುದು. ಯಾರೋ ಕೊನೆಯಲ್ಲಿ ಎಲ್ಲವನ್ನೂ 2ರಿಂದ ಭಾಗಿಸಿರಬಹುದು. ಅದಕ್ಕೆ ಇನ್ನೊಂದು ತಾಳೆ ಇದೆ, ಲಗ್ರಾಂಜನ ಹೆಸರಿನಲ್ಲಿ ಕರೆಯುವ ಸರ್ವಸಮೀಕರಣ:

|r × F|² + (r · F)² = |r|² |F|²

ಇಲ್ಲಿ (1 + 324 + 100) + 16 = 441, ಬಲಗಡೆ 9 × 49 = 441. ಸೈನಿನ ವರ್ಗ ಮತ್ತು ಕೊಸೈನಿನ ವರ್ಗ ಸೇರಿ 1 ಆಗುತ್ತದೆ ಎಂಬುದೇ ಇಲ್ಲಿ ಬೇರೆ ಬಟ್ಟೆ ತೊಟ್ಟು ಬಂದಿದೆ. ಸರಳಿನ ಲೆಕ್ಕಕ್ಕೆ ಇದನ್ನು ಹಚ್ಚಿ ನೋಡಿ: 43.3ರ ವರ್ಗ 1875, 25ರ ವರ್ಗ 625, ಕೂಡಿದರೆ 2500, ಅಂದರೆ 50ರ ವರ್ಗ. ಆ ರಾತ್ರಿ ನಾನು ಜಗಳ ಹಚ್ಚಿದ್ದ ಎರಡು ಉತ್ತರಗಳು, 50 ಕರ್ಣವಾಗಿರುವ ಒಂದೇ ಲಂಬಕೋನ ತ್ರಿಭುಜದ ಎರಡು ಬಾಹುಗಳಾಗಿದ್ದವು.

ಇದು ಕಾಕತಾಳೀಯವಲ್ಲ. 1843ರಲ್ಲಿ ವಿಲಿಯಂ ರೋವನ್ ಹ್ಯಾಮಿಲ್ಟನ್ ಒಂದು ಬಿಡಿ ಸಂಖ್ಯೆಯೂ i, j, k ಭಾಗಗಳೂ ಸೇರಿದ ಕ್ವಾಟರ್ನಿಯನ್‌ಗಳನ್ನು ಕಂಡುಕೊಂಡಾಗ ಡಾಟ್, ಕ್ರಾಸ್ ಎಂಬ ಎರಡು ಗುಣಾಕಾರಗಳು ಇರಲಿಲ್ಲ, ಇದ್ದದ್ದು ಒಂದೇ. ಅವನ ನಿಯಮದಂತೆ ii = −1, ij = k ಎಂದು ಹಾಕಿ ನಮ್ಮ r ಮತ್ತು F ಅನ್ನು ಗುಣಿಸಿದರೆ −4 − i + 18j + 10k ಬರುತ್ತದೆ. ಮುಂದಿನ ಬಿಡಿ ಸಂಖ್ಯೆ ಡಾಟ್ ಗುಣಲಬ್ಧದ ಋಣ, ಉಳಿದದ್ದು ಪೂರ್ತಿ ಕ್ರಾಸ್ ಗುಣಲಬ್ಧ. ಇವೆರಡನ್ನೂ ಬಿಡಿಸಿ ಬೇರೆ ಬೇರೆ ಗುಣಲಬ್ಧಗಳಾಗಿ ನಿಲ್ಲಿಸಿದವರು ಜೋಸೈಯಾ ವಿಲ್ಲರ್ಡ್ ಗಿಬ್ಸ್ ಮತ್ತು ಆಲಿವರ್ ಹೆವಿಸೈಡ್. ಗಿಬ್ಸ್ ತನ್ನ ವಿದ್ಯಾರ್ಥಿಗಳಿಗಾಗಿ 1881ರಿಂದ ಅಚ್ಚು ಹಾಕಿಸಿದ ಟಿಪ್ಪಣಿಗಳಲ್ಲಿ ಚುಕ್ಕೆ ಮತ್ತು ಗುಣಾಕಾರ ಚಿಹ್ನೆಗಳನ್ನು ಬಳಸಿದ. ಒಂದೇ ಗುಣಾಕಾರದ ಎರಡು ಹೋಳುಗಳನ್ನು ಎಳೆಯರು ಮತ್ತೆ ಬೆರೆಸಿಬಿಡುವುದನ್ನು ನೋಡುವಾಗ ನನಗೆ ಈ ಇತಿಹಾಸ ನೆನಪಾಗುತ್ತದೆ.

ಆದರೆ ಈ ಎರಡು ತಾಳೆಗಳೂ ಹಿಡಿಯಲಾರದ ಒಂದು ತಪ್ಪು ಉಳಿಯುತ್ತದೆ. ಟಾರ್ಕ್ ಕೇಳಿದಾಗ ಯಾರಾದರೂ F × r ತೆಗೆದರೆ i − 18j − 10k ಬರುತ್ತದೆ. ಅದು ಎರಡಕ್ಕೂ ಲಂಬ, ಪರಿಮಾಣವೂ ಸರಿ, ಲಗ್ರಾಂಜನ ಸಮೀಕರಣವೂ ಕೂಡಿಬರುತ್ತದೆ. ಆದರೆ ದಿಕ್ಕು ಮಾತ್ರ ತಿರುವುಮುರುವು. ಸಮಾಂತರವಲ್ಲದ ಎರಡು ಸದಿಶಗಳಿಗೆ ಲಂಬವಾಗಿದ್ದು ನಿಗದಿತ ಪರಿಮಾಣವುಳ್ಳ ಸದಿಶಗಳು ಎರಡೇ, ಒಂದು ಇನ್ನೊಂದರ ಋಣ. ಆದ್ದರಿಂದ ತಾಳೆಗಳು ನಮ್ಮನ್ನು ಆ ಎರಡರ ಬಾಗಿಲವರೆಗೆ ಮಾತ್ರ ತಲುಪಿಸುತ್ತವೆ. ಅಲ್ಲಿಂದ ಮುಂದೆ ಬಲಗೈ ನಿಯಮವೇ ಬೇಕು: ಬೆರಳುಗಳು r ದಿಕ್ಕಿನಿಂದ F ಕಡೆಗೆ ಮಡಚಿದಾಗ ಹೆಬ್ಬೆರಳು ತೋರುವುದೇ ಟಾರ್ಕಿನ ದಿಕ್ಕು. ಡಾಟ್ ಗುಣಲಬ್ಧದಲ್ಲಿ ಕ್ರಮ ಬದಲಾದರೂ ಏನೂ ಆಗದಿರುವುದರಿಂದ, ಅದನ್ನು ಮೊದಲು ಕಲಿತ ವಿದ್ಯಾರ್ಥಿಗಳು ಆ ನಿರಾತಂಕವನ್ನು ಇಲ್ಲಿಗೂ ತರುತ್ತಾರೆ.

ಚಿಹ್ನೆಯ ಈ ಕುರುಡುತನ ಕೋನ ಕಂಡುಹಿಡಿಯುವ ಲೆಕ್ಕಗಳಲ್ಲಿ ಹೆಚ್ಚು ನಷ್ಟ ಮಾಡುತ್ತದೆ. r ಮತ್ತು F ನಡುವಿನ ಕೋನವನ್ನು ಕೊಸೈನಿನಿಂದ ತೆಗೆದರೆ 4/21ರಿಂದ ಸುಮಾರು 79 ಡಿಗ್ರಿ ಬರುತ್ತದೆ. ಕ್ರಾಸ್ ಗುಣಲಬ್ಧದ ಪರಿಮಾಣದಿಂದ, ಅಂದರೆ √425/21ರಿಂದ ತೆಗೆದರೂ 79. ವಿದ್ಯಾರ್ಥಿಗೆ ಎರಡೂ ದಾರಿ ಒಂದೇ ಎನಿಸುತ್ತದೆ. ಈಗ F ಅನ್ನು ತಿರುಗಿಸಿ −6i − 2j + 3k ಮಾಡಿ. ಡಾಟ್ ಗುಣಲಬ್ಧ −4 ಆಗುತ್ತದೆ, ಕೋನ ಸುಮಾರು 101 ಡಿಗ್ರಿ. ಆದರೆ ಕ್ರಾಸ್ ಗುಣಲಬ್ಧದ ಪರಿಮಾಣ ಬದಲಾಗಲೇ ಇಲ್ಲ, ಕ್ಯಾಲ್ಕುಲೇಟರಿನಲ್ಲಿ ಸೈನಿನ ವಿಲೋಮ ಒತ್ತಿದರೆ ಮತ್ತೆ 79 ಎಂದೇ ತೋರಿಸುತ್ತದೆ. ಯಾರಾದರೂ ನಡುವಿನ ಕೋನಕ್ಕೆ ಕ್ರಾಸ್ ಗುಣಲಬ್ಧವನ್ನು ಬಳಸಿದ್ದು ಕಂಡರೆ, ನಾನು ಮೊದಲು ಡಾಟ್ ಗುಣಲಬ್ಧದ ಚಿಹ್ನೆಯನ್ನಷ್ಟೇ ಲೆಕ್ಕ ಹಾಕಿ ನೋಡುತ್ತೇನೆ. ಅದು ಋಣವಾಗಿದ್ದರೆ ಕೋನ ವಿಶಾಲ, ಉತ್ತರವನ್ನು 180ರಿಂದ ಕಳೆಯಬೇಕು.

ಈಗಲೂ ಆ ಸರಳಿನ ಲೆಕ್ಕವನ್ನು ಕೊಡುತ್ತೇನೆ, ಕೋನ 30 ಡಿಗ್ರಿಯೇ. ಪ್ರಶ್ನೆಯನ್ನು ಮಾತ್ರ ಬದಲಿಸಿದ್ದೇನೆ: r · F ಮತ್ತು r × F ಎರಡನ್ನೂ ಘಟಕಗಳಿಂದ ತೆಗೆದು, ಯಾವುದು ಸರಳನ್ನು ತಿರುಗಿಸುತ್ತದೆ, ಇನ್ನೊಂದು ಏನು ಹೇಳುತ್ತದೆ ಎಂದು ಒಂದೊಂದು ವಾಕ್ಯದಲ್ಲಿ ಬರೆಯಿರಿ ಎನ್ನುತ್ತೇನೆ. ಕಳೆದ ಬಾರಿ ತಿದ್ದಿದ ಒಂದು ಪುಸ್ತಕದಲ್ಲಿ ಹುಡುಗನೊಬ್ಬ −43.3 k ಕೆಳಗೆ ‘ಬೀಳಿಸುತ್ತದೆ’ ಎಂದು ಬರೆದು, −25ರ ಪಕ್ಕದಲ್ಲಿ ಸರಳಿನ ಉದ್ದಕ್ಕೂ ಕೀಲಿನ ಕಡೆಗೆ ಒಂದು ಬಾಣ ಎಳೆದಿದ್ದ. ಬಾಣದ ಕೆಳಗೆ ಸಣ್ಣ ಅಕ್ಷರಗಳಲ್ಲಿ ‘ತೂಕದ ಈ 25 ನ್ಯೂಟನ್ ಭಾಗ ಸರಳನ್ನು ಕೀಲಿಗೆ ಒತ್ತುತ್ತದೆ, ತಿರುಗಿಸುವುದಿಲ್ಲ’ ಎಂದಿತ್ತು.